ಮಾತಿನ ಕೆಳಗೆ ಸಂಗೀತ ಎಷ್ಟಿರಬೇಕು?

ಹೋದ ವಾರದ ವಿಡಿಯೋನ ಹೆಡ್‌ಫೋನ್ ತೆಗೆದಿಟ್ಟು ಫೋನಿನ ಸ್ಪೀಕರಲ್ಲೇ ಕೇಳಿ ನೋಡಿದೆ. ಗಿಟಾರ್ ಚೆನ್ನಾಗಿ ಕೇಳ್ತಿದೆ, ನನ್ನ ಮಾತು ಮಾತ್ರ ಅಲ್ಲಲ್ಲಿ ಮುಳುಗಿ ಹೋಗಿದೆ. ಒಂದು ಕಡೆ ನಾನು 'ಸರಿ' ಅಂದೆನೋ 'ಗರಿ' ಅಂದೆನೋ ನನಗೇ ಗೊತ್ತಾಗಲಿಲ್ಲ. ನೋಡೋರಿಗೆ ಹೇಗೆ ಗೊತ್ತಾಗಬೇಕು?

ಸಂಗೀತ ಮಾತಿಗಿಂತ 20 ಡೆಸಿಬೆಲ್ ಕೆಳಗಿರಬೇಕು ಅನ್ನೋದು ನನಗೆ ಗೊತ್ತಿತ್ತು. ಕಿವಿ ಸರಿಯಾಗಿ ಕೇಳದವರನ್ನ ಗಮನದಲ್ಲಿಟ್ಟು ಬರೆದ ವೆಬ್ ಮಾರ್ಗಸೂಚಿಯಲ್ಲೂ ಇದೇ ಅಂಕಿ ಇದೆ. ಹಾಗಾಗಿ ಸಂಗೀತದ ಸ್ಲೈಡರನ್ನ ಮೈನಸ್ 20ಕ್ಕೆ ಎಳೆದು ಬಿಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ. ಹಾಡನ್ನ ಅದರ ಮೂಲ ಮಟ್ಟದಿಂದ ಎಷ್ಟು ಇಳಿಸಿದ್ದೀವಿ ಅಂತ ಆ ಸ್ಲೈಡರ್ ಹೇಳುತ್ತೆ, ಅಷ್ಟೇ. ಮಾತಿಗೂ ಹಾಡಿಗೂ ನಡುವೆ ಎಷ್ಟು ಅಂತರ ಉಳೀತು ಅಂತ ಹೇಳಲ್ಲ.

ಲೌಡ್‌ನೆಸ್ ಮೀಟರ್ ಹಾಕಿ ಎರಡನ್ನೂ ಬೇರೆಬೇರೆಯಾಗಿ ಅಳೆದೆ. ಜೋರು ಎಷ್ಟು ಅಂತ ಅದು LUFS ಅನ್ನೋ ಅಳತೆಯಲ್ಲಿ ತೋರಿಸುತ್ತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಸದ್ದು ಜೋರು. ನನ್ನ ಮಾತು -16 LUFS, ಹಾಡು -9 LUFS. ಹಾಡು ಮೊದಲೇ ಅಷ್ಟು ಜೋರು! 20 ಇಳಿಸಿದ್ರೆ ಅದು -29ಕ್ಕೆ ಬರುತ್ತೆ, ಅಂದ್ರೆ ಮಾತಿಗಿಂತ ಬರೀ 13 ಕೆಳಗೆ. ನಿಜವಾಗಿ ಬೇಕಿದ್ದದ್ದು -36. ಅದಕ್ಕೆ ಸ್ಲೈಡರ್ -27ಕ್ಕೆ ಹೋಗಬೇಕು. ಹಾಡು ಬದಲಾದ್ರೆ ಈ ಲೆಕ್ಕವೂ ಬದಲಾಗುತ್ತೆ, ಅದಕ್ಕೇ ಪ್ರತಿ ಸಲ ಅಳೀತೀನಿ.

ಇಷ್ಟಾದ ಮೇಲೂ ಮಾತು ಮಂಕು ಅನ್ನಿಸಿದ್ರೆ ಹಾಡನ್ನ ಪೂರ್ತಿ ಇನ್ನೂ ತಗ್ಗಿಸಬೇಡಿ. ಸ, ತ, ಕ ಇಂಥ ವ್ಯಂಜನಗಳನ್ನ ಬಿಡಿಸಿ ಕೇಳಿಸೋದರಲ್ಲಿ 2ರಿಂದ 4 ಕಿಲೋಹರ್ಟ್ಸ್ ಜಾಗದ ಪಾಲು ದೊಡ್ಡದು. ಗಿಟಾರಿನ ತಂತಿ ಮೀಟೋ ಸದ್ದೂ ಅಲ್ಲೇ ಬಂದು ಕೂರುತ್ತೆ. ಈಕ್ವಲೈಜರಲ್ಲಿ ಹಾಡಿನ ಆ ಭಾಗವನ್ನ ಮೂರ್ನಾಲ್ಕು ಡೆಸಿಬೆಲ್ ತಗ್ಗಿಸಿದೆ, 'ಸರಿ' ಸರಿಯಾಗೇ ಕೇಳಿಸ್ತು. ಮಾತು ನಿಂತಾಗ ಸಂಗೀತ ಸ್ವಲ್ಪ ಮೇಲೆ ಬರಲಿ, ಆದ್ರೆ ನಿಧಾನವಾಗಿ, ಸುಮಾರು ಒಂದು ಸೆಕೆಂಡ್ ತಗೊಂಡು. ಪ್ರತಿ ಪದದ ಮಧ್ಯೆ ಅದು ಏರಿ ಇಳಿದ್ರೆ ಏದುಸಿರು ಬಿಟ್ಟ ಹಾಗೆ ಕೇಳುತ್ತೆ.

ಇಷ್ಟೆಲ್ಲ ಸರಿ ಮಾಡಿದ್ಮೇಲೆ ಆ ಹಾಡನ್ನೇ ಕೈಬಿಡಬೇಕಾಯ್ತು. ಬೇಜಾರಾಯ್ತು ನಿಜ, ಆದ್ರೆ ಅದರ ಲೈಸೆನ್ಸ್ CC BY-ND. CC ಅಂದ್ರೆ ಕ್ರಿಯೇಟಿವ್ ಕಾಮನ್ಸ್, ಕೆಲವು ಷರತ್ತುಗಳ ಮೇಲೆ ಕೃತಿಯನ್ನ ಉಚಿತವಾಗಿ ಬಳಸೋಕೆ ಬಿಡೋ ಲೈಸೆನ್ಸ್; BY ಅಂದ್ರೆ ಹೆಸರು ಹಾಕಬೇಕು ಅಂತ. ಕಲಾವಿದರ ಹೆಸರು ಹಾಕಿದ್ರೆ ಸಾಕು ಅಂದ್ಕೊಂಡಿದ್ದೆ. ಕೊನೆಯ ND ಅಂದ್ರೆ ಕೃತಿಯನ್ನ ಬದಲಿಸಿ ಹಂಚೋ ಹಾಗಿಲ್ಲ ಅಂತ, ಮತ್ತೆ ಕ್ರಿಯೇಟಿವ್ ಕಾಮನ್ಸ್ ನಿಯಮದಲ್ಲಿ ಹಾಡನ್ನ ವಿಡಿಯೋಗೆ ಜೋಡಿಸೋದೇ ಬದಲಾವಣೆ. NC ಇದ್ರೆ ವಾಣಿಜ್ಯ ಬಳಕೆ ಇಲ್ಲ, ಹಾಗಾಗಿ ಜಾಹೀರಾತಿನಿಂದ ದುಡಿಯೋ ಚಾನೆಲ್‌ಗಳು ಅದನ್ನ ಬಿಡೋದೇ ಕ್ಷೇಮ. ಬರೀ CC BY ಆದ್ರೆ ಹೆಸರು ಹಾಕಿ ಬಳಸಬಹುದು.

ಈಗ ನನ್ನ ಮಾತಿನ ಕೆಳಗೆ ಕೇಳ್ತಿರೋ ಪಿಯಾನೋ CC BY. ಅಳೆದಾಗ -14 ಇತ್ತು, ಸ್ಲೈಡರ್ -22ರಲ್ಲಿದೆ. ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆದು, ಹಾಡಿನ ಫೈಲ್ ಜೊತೆಗೇ ಇಟ್ಟಿದ್ದೀನಿ. ಹಕ್ಕಿನ ತಕರಾರು ಬಂದ್ರೆ ತೋರಿಸೋಕೆ. ಹಾಡಿನ ಹೆಸರು, ಕಲಾವಿದರು, ಕೊಂಡಿ, ಲೈಸೆನ್ಸ್, ನಾಲ್ಕೂ ಕೆಳಗೆ ವಿವರಣೆಯಲ್ಲಿವೆ.