x²ನಿಂದ ಭಾಗಿಸುವಾಗ ಸೊನ್ನೆಯನ್ನು ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳೂ ಇದ್ದೀರಿ, ಪಾಠ ಹೇಳುವವರೂ ಇದ್ದೀರಿ. ಹಾಗಾಗಿ ಇಂಟಿಗ್ರೇಷನ್ ಅಂದ್ರೆ ಏನು ಅಂತ ಶುರು ಮಾಡಲ್ಲ. ನನಗೆ ಕೊಟ್ಟಿರೋದು ಅರ್ಧ ಗಂಟೆ, ತಂದಿರೋದು ಒಂದೇ ಲೆಕ್ಕ. ನೀವೆಲ್ಲ ಮಾಡಿರೋ ಲೆಕ್ಕವೇ:

∫ (x² + 1)/(x⁴ + 1) dx

ಅಂಶ, ಛೇದ ಎರಡನ್ನೂ x²ನಿಂದ ಭಾಗಿಸಿ ಅಂತ ಹೇಳಿಕೊಡ್ತೀವಿ. ಮೇಲೆ 1 + 1/x² ಬರುತ್ತೆ, ಕೆಳಗೆ x² + 1/x². ಈಗ t = x − 1/x ಅಂತ ಇಟ್ಟರೆ dt = (1 + 1/x²) dx. ಅಂದ್ರೆ ಮೇಲಿರೋದು ಪೂರ್ತಿ dt ಒಳಗೆ ಹೋಯಿತು. t² = x² − 2 + 1/x², ಹಾಗಾಗಿ ಛೇದ t² + 2. ಉಳಿದದ್ದು ∫ dt/(t² + 2), ಅದು ಬಾಯಿಪಾಠ. ಉತ್ತರ:

(1/√2) arctan( (x² − 1)/(√2 x) ) + C

ನಾಲ್ಕು ಸಾಲು, ಐದು ಮಾರ್ಕ್ಸ್. ಆದರೆ ಪ್ರತಿ ವರ್ಷ ಒಂದು ಮಗುವಾದರೂ ಕೇಳುತ್ತೆ: "ಸರ್, x²ನಿಂದಲೇ ಭಾಗಿಸಬೇಕು ಅಂತ ಹೇಗೆ ಹೊಳೀತು?" ಇದು ನ್ಯಾಯವಾದ ಪ್ರಶ್ನೆ. "ಟ್ರಿಕ್ ಕಣಮ್ಮಾ, ನೆನಪಿಟ್ಕೋ" ಅಂದುಬಿಟ್ಟರೆ ಅನ್ಯಾಯ. ಅದು ಎಲ್ಲಿಂದಲೋ ಬಂದದ್ದಲ್ಲ. ಛೇದದ ಸಹಗುಣಕಗಳನ್ನು ಬರೀರಿ: 1, 0, 0, 0, 1. ಹಿಂದಿನಿಂದ ಓದಿದರೂ ಅದೇ. ಅಂಶದಲ್ಲಿ 1, 0, 1. ಅದೂ ಹಾಗೇ, ನಮ್ಮ 'ಕನಕ', 'ವಿಕಟಕವಿ' ಪದಗಳ ಥರ. ಹೀಗೆ ಎರಡೂ ಕಡೆಯಿಂದ ಒಂದೇ ಆಗಿರೋ ಬಹುಪದದಲ್ಲಿ x ಮತ್ತು 1/x ಜೋಡಿ ಅಡಗಿರುತ್ತೆ. ಮಧ್ಯದ ಘಾತ ಯಾವುದೋ ಅದನ್ನು ಹೊರಗೆ ತೆಗೆದರೆ ಜೋಡಿ ಕಾಣಿಸುತ್ತೆ. ಇಲ್ಲಿ ಘಾತ 4, ಮಧ್ಯದ್ದು 2, ಅದಕ್ಕೇ x². ಟ್ರಿಕ್ ಅಲ್ಲ, ಲೆಕ್ಕವೇ ಕೈ ಮಾಡಿ ತೋರಿಸ್ತಾ ಇದೆ.

ಇಷ್ಟು ಎಲ್ಲ ಪುಸ್ತಕಗಳ ಹಾದಿ. ನಾನು ಇವತ್ತು ಇಲ್ಲಿಗೆ ಬಂದಿರೋದು ಇದರ ಮುಂದಿನ ಮಾತಿಗೆ.

ಸುಮಾರು ವರ್ಷದ ಹಿಂದಿನ ಮಾತು. ಮಧ್ಯಾಹ್ನದ ಕ್ಲಾಸು, ಊಟ ಆಗಿ ಎಲ್ಲರಿಗೂ ತೂಕಡಿಕೆ. ಈ ಲೆಕ್ಕವನ್ನು ಬೋರ್ಡ್ ಮೇಲೆ ಮುಗಿಸಿ, ಇನ್ನೊಂದು ಹೆಜ್ಜೆ ಹೋಗೋಣ ಅಂತ ಲಿಮಿಟ್ಸ್ ಹಾಕಿದೆ, −1ರಿಂದ 1ರವರೆಗೆ. x = 1 ಹಾಕಿದರೆ x² − 1 ಸೊನ್ನೆ, arctan 0 ಸೊನ್ನೆ. x = −1 ಹಾಕಿದರೂ ಸೊನ್ನೆ. ಸೊನ್ನೆಯಲ್ಲಿ ಸೊನ್ನೆ ಕಳೆದರೆ ಸೊನ್ನೆ. ಉತ್ತರ 0 ಅಂತ ಬರೆದು, ಕೆಳಗೆ ಗೆರೆ ಎಳೆದು, ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಂಡು ತಿರುಗಿದೆ. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಎದ್ದು ನಿಂತಳು. ಮಾತು ಕಡಿಮೆ ಆಡೋ ಹುಡುಗಿ. "ಸರ್, x² + 1 ಯಾವಾಗಲೂ ಪಾಸಿಟಿವ್. x⁴ + 1 ಕೂಡ ಪಾಸಿಟಿವ್. ಗ್ರಾಫ್ ಪೂರ್ತಿ ಮೇಲೆಯೇ ಇದೆ. ಏರಿಯಾ ಸೊನ್ನೆ ಹೇಗಾಗುತ್ತೆ?"

ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ನಾನೂ ಸುಮ್ನೆ ನಿಂತೆ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಮತ್ತೆ ಮೇಲಿಂದ ಒಂದೊಂದೇ ಸಾಲು ನೋಡಿದೆವು. ಡಿಫರೆನ್ಷಿಯೇಟ್ ಮಾಡಿದರೆ ಉತ್ತರ ತಾಳೆ ಆಗ್ತಿತ್ತು. ತಪ್ಪು ಎಲ್ಲಿದೆ ಅಂತ ಹುಡುಕಿ ಹುಡುಕಿ, ಕೊನೆಗೆ ಸಿಕ್ಕಿದ್ದು ಮೊದಲನೇ ಸಾಲಲ್ಲೇ.

x²ನಿಂದ ಭಾಗಿಸಿದೆವಲ್ಲ, ಆ ಗಳಿಗೆಯಲ್ಲೇ x = 0 ಕೈಬಿಟ್ಟುಹೋಯಿತು. ಮೂಲ ಉತ್ಪನ್ನಕ್ಕೆ ಸೊನ್ನೆಯಲ್ಲಿ ಏನೂ ತೊಂದರೆ ಇಲ್ಲ, ಅಲ್ಲಿ ಅದರ ಬೆಲೆ 1. ಆದರೆ t = x − 1/x ಅಲ್ಲಿ ಇಲ್ಲವೇ ಇಲ್ಲ. ಹತ್ತಿರ ಹೋಗಿ ನೋಡಿ. x = −0.01 ಆದರೆ t = 99.99. x = 0.01 ಆದರೆ t = −99.99. ಸೊನ್ನೆಯನ್ನು ದಾಟಿದ ಕೂಡಲೇ t ಆಕಾಶದಿಂದ ಪಾತಾಳಕ್ಕೆ ಬಿತ್ತು. ಅದರ ಜೊತೆ arctan ಕೂಡ π/2 ಹತ್ತಿರದಿಂದ −π/2 ಹತ್ತಿರಕ್ಕೆ ಬಿತ್ತು. 1/√2 ಸೇರಿಸಿ ಲೆಕ್ಕ ಹಾಕಿದರೆ ನಮ್ಮ ಉತ್ತರ ಸೊನ್ನೆಯ ಹತ್ತಿರ ಸರಿಯಾಗಿ π/√2ನಷ್ಟು ಕೆಳಗೆ ಜಾರುತ್ತೆ. ನಮ್ಮ ಏರಿಯಾ ಪೂರ್ತಿ ಆ ಗುಂಡಿಗೆ ಬಿದ್ದಿತ್ತು.

ಸರಿ ಮಾಡೋದು ಸುಲಭ. ಸೊನ್ನೆಯಲ್ಲಿ ಮುರೀರಿ. 0ಯಿಂದ 1ರವರೆಗೆ: ಮೇಲಿನ ತುದಿಯಲ್ಲಿ 0, ಕೆಳಗಿನ ತುದಿಗೆ ಬಲಗಡೆಯಿಂದ ಹೋದರೆ −π/(2√2). ಕಳೆದರೆ π/(2√2). ಗ್ರಾಫ್ ಎರಡೂ ಕಡೆ ಒಂದೇ ಥರ ಇರೋದರಿಂದ ಎರಡರಷ್ಟು ಮಾಡಿ, π/√2, ಅಂದ್ರೆ ಸುಮಾರು 2.22.

ಇದು ನಂಬುವಂಥ ಸಂಖ್ಯೆಯಾ? ನೋಡೋಣ. x = 0 ಹಾಕಿದರೆ ಉತ್ಪನ್ನ 1, x = 1 ಹಾಕಿದರೂ 1. ನಡುವೆ x = 1/2 ಹಾಕಿದರೆ 1.25/1.0625, ಸುಮಾರು 1.18. ಅತಿ ಎತ್ತರದ ಜಾಗದಲ್ಲೂ 1.21 ದಾಟಲ್ಲ. ಅಗಲ 2, ಹಾಗಾದರೆ ಏರಿಯಾ 2ಕ್ಕಿಂತ ಜಾಸ್ತಿ, 2.42ಕ್ಕಿಂತ ಕಡಿಮೆ ಇರಲೇಬೇಕು. 2.22 ಅದರೊಳಗೆ ಬಂತು, ಸೊನ್ನೆ ಬರಲಿಲ್ಲ. ಈ ಅಂದಾಜು ಅರ್ಧ ನಿಮಿಷದ ಕೆಲಸ. ಪಾಠ ಹೇಳುವವರಿಗೆ ನನ್ನ ಕೋರಿಕೆ ಇಷ್ಟೇ: t = x − 1/x ಅಂತ ಬರೆದ ಪಕ್ಕದಲ್ಲೇ "x ≠ 0" ಅಂತ ಬರೀರಿ. C ಕೂಡ ಎರಡು ಕಡೆ ಬೇರೆ ಬೇರೆ ಇರಬಹುದು ಅಂತ ಒಂದು ಮಾತು ಹೇಳಿ. ಬಲಗಡೆಯ C ಎಡಗಡೆಯದಕ್ಕಿಂತ π/√2 ಜಾಸ್ತಿ ಇಟ್ಟು, ಸೊನ್ನೆಯಲ್ಲಿ ನಡುವಿನ ಬೆಲೆ ತುಂಬಿದರೆ, ಗುಂಡಿ ಮುಚ್ಚಿಹೋಗುತ್ತೆ.

ಭಾಗಿಸದೆ ಹೋಗೋ ದಾರಿಯೂ ಇದೆ. x⁴ + 1 = (x² + 1)² − 2x². ಇದು ಎರಡು ವರ್ಗಗಳ ವ್ಯತ್ಯಾಸ, ಹಾಗಾಗಿ (x² + √2x + 1)(x² − √2x + 1) ಅಂತ ಒಡೆಯುತ್ತೆ. ಇದು ಈಗ ಹೈಸ್ಕೂಲ್ ಬೀಜಗಣಿತ ಅನಿಸಬಹುದು. ಆದರೆ ಕ್ಯಾಲ್ಕುಲಸ್ ಕಟ್ಟಿದ ಲೈಬ್ನಿಟ್ಸ್ ಅಂಥವರೇ 1702ರಲ್ಲಿ x⁴ + a⁴ ಹೀಗೆ ವಾಸ್ತವ ಸಂಖ್ಯೆಗಳಲ್ಲಿ ಒಡೆಯಲ್ಲ ಅಂತ ಬರೆದಿದ್ದರು. ಭಿನ್ನರಾಶಿಯನ್ನು ಬಿಡಿಸಿ ಅನುಕಲಿಸಿದರೆ ಬರೋದು:

(1/√2) [ arctan(√2x + 1) + arctan(√2x − 1) ] + C

ಇಲ್ಲಿ ಎಲ್ಲೂ 1/x ಇಲ್ಲ, ಗುಂಡಿಯೂ ಇಲ್ಲ. x = 1 ಹಾಕಿ: arctan(√2 + 1) ಅಂದ್ರೆ 67.5 ಡಿಗ್ರಿ, arctan(√2 − 1) ಅಂದ್ರೆ 22.5 ಡಿಗ್ರಿ, ಕೂಡಿದರೆ 90. x = −1 ಹಾಕಿದರೆ −90. ವ್ಯತ್ಯಾಸ 180 ಡಿಗ್ರಿ, ಅಂದ್ರೆ π. √2ರಿಂದ ಭಾಗಿಸಿದರೆ ಅದೇ π/√2. ಬೇರೆ ದಾರಿಯಲ್ಲಿ ಬಂದರೂ ಅದೇ ಮನೆ ಬಾಗಿಲು.

ಚೀಟಿ ಬಂತು, ಐದು ನಿಮಿಷ ಅಂತೆ. x² − 1 ಮೇಲಿದ್ದರೆ t = x + 1/x ಇಡಿ, ಛೇದ t² − 2 ಆಗುತ್ತೆ, ಲಾಗ್ ಬರುತ್ತೆ. ಬಿಡಿಸಿ ಹೇಳೋಕೆ ಸಮಯ ಇಲ್ಲ. ಬರೀ 1 ಮೇಲಿದ್ದರೆ ಎರಡನ್ನೂ ಕಳೆದು ಅರ್ಧ ಮಾಡಿ.

ಇನ್ನೊಂದೇ ಒಂದು, ನನಗೆ ಇಷ್ಟವಾದದ್ದು. √(tan x) ಅನ್ನು 0ಯಿಂದ π/2ವರೆಗೆ ಅನುಕಲಿಸಬೇಕು. tan x = u² ಇಡಿ. 2u²/(u⁴ + 1) ಬರುತ್ತೆ, 0ಯಿಂದ ಅನಂತದವರೆಗೆ. 2u² ಅನ್ನು (u² + 1) + (u² − 1) ಅಂತ ಬರೀರಿ. ಎರಡನೇ ಭಾಗದಲ್ಲಿ u ಜಾಗಕ್ಕೆ 1/u ಹಾಕಿದರೆ ಅದು ತನ್ನದೇ ಋಣ ಆಗುತ್ತೆ, ಅಂದ್ರೆ ಸೊನ್ನೆ. ಈ ಸೊನ್ನೆ ನಿಜವಾದ ಸೊನ್ನೆ, ಯಾಕಂದ್ರೆ ಆ ಉತ್ಪನ್ನ 1ರ ತನಕ ಅಕ್ಷದ ಕೆಳಗಿದೆ, ಆಮೇಲೆ ಮೇಲಿದೆ. ಮೊದಲನೇ ಭಾಗ ನಮ್ಮ ಹಳೇ ಲೆಕ್ಕವೇ. ಅದರಲ್ಲಿ 1/u ಹಾಕಿದರೆ 1ರಿಂದ ಅನಂತದವರೆಗಿನ ಏರಿಯಾ 0ಯಿಂದ 1ರವರೆಗಿನದಕ್ಕೆ ಸಮ ಅಂತ ಕಾಣುತ್ತೆ. ಹಾಗಾಗಿ ಉತ್ತರ ಮತ್ತೆ π/√2, ಆ ಹುಡುಗಿ ಅವತ್ತು ನಮ್ಮಿಂದ ಹುಡುಕಿಸಿದ ಅದೇ 2.22.