ಫೋನಿನಲ್ಲಿ ಹೇಳಿದರೆ ತಿಳಿಯುವ ಹೆಸರು

ಕೇಳುಗರಿಗೆ ನಮಸ್ಕಾರ.

ನಾನು ಮಂಡ್ಯದ ಹತ್ತಿರದ ಹಳ್ಳಿಯವಳು. ನಮ್ಮ ದೊಡ್ಡಪ್ಪನ ಆಲೆಮನೆಯ ಬೆಲ್ಲವನ್ನು ಪುಡಿ ಮಾಡಿ, ಅರ್ಧ ಕೆ.ಜಿ. ಪೊಟ್ಟಣದಲ್ಲಿ ಮಾರುತ್ತೇನೆ. ಪುಡಿ ಮಾಡುವವಳೂ ನಾನೇ, ಲೆಕ್ಕ ಬರೆಯುವವಳೂ ನಾನೇ, ಬಸ್ಸಿಗೆ ಪಾರ್ಸೆಲ್ ಹಾಕುವವಳೂ ನಾನೇ. ಶುರು ಮಾಡಿದಾಗ ಬ್ರ್ಯಾಂಡ್ ಅಂತ ಖರ್ಚು ಮಾಡಲು ನನ್ನ ಹತ್ತಿರ ಇದ್ದದ್ದು 5000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ತಿಂಗಳಲ್ಲೇ ನೀರಿಗೆ ಹೋಯಿತು. ಹೇಗೆ ಹೋಯಿತು, ಉಳಿದದ್ದರಲ್ಲಿ ಏನು ಮಾಡಿದೆ ಅಂತ ಇವತ್ತು ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ನಾನು ಇಟ್ಟ ಮೊದಲ ಹೆಸರು ‘ಮಂಡ್ಯ ಆಲೆಮನೆ ಬೆಲ್ಲ’. ಕೇಳಲು ಚೆನ್ನಾಗಿದೆ, ಅಲ್ವಾ? ತೊಂದರೆ ಏನೆಂದರೆ ಅದು ಹೆಸರೇ ಅಲ್ಲ. ಮಂಡ್ಯ ಊರು, ಆಲೆಮನೆ ಬೆಲ್ಲ ಮಾಡುವ ಜಾಗ, ಬೆಲ್ಲ ಅಂದರೆ ಬೆಲ್ಲ. ನಮ್ಮೂರಿನ ಯಾರು ಬೇಕಾದರೂ ತಮ್ಮ ಪೊಟ್ಟಣದ ಮೇಲೆ ಈ ಮೂರೂ ಪದ ಬರೆಯಬಹುದು, ಬರೆಯುತ್ತಲೂ ಇದ್ದಾರೆ. ಟ್ರೇಡ್ ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಹೇಳುವುದೂ ಇದನ್ನೇ. ವಸ್ತು ಯಾವ ಬಗೆಯದು, ಎಂಥ ಗುಣದ್ದು, ಯಾವ ಊರಿನದು ಎಂದಷ್ಟೇ ತಿಳಿಸುವ ಮಾತನ್ನು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಬರೆದುಕೊಡುವುದಿಲ್ಲ. ಕಾಯ್ದೆ ಬಿಡಿ. ನನ್ನ ಬೆಲ್ಲ ತಿಂದು ಮೆಚ್ಚಿದವರು ಆ ಮಾತನ್ನು ಫೋನಿನಲ್ಲಿ ಟೈಪ್ ಮಾಡಿ ಹುಡುಕಿದರೆ, ನಾನು ಬಿಟ್ಟು ಉಳಿದವರೆಲ್ಲ ಸಿಗುತ್ತಿದ್ದರು.

ಎರಡನೆಯದು ‘ಗಿಣ್ಣು’. ಕಬ್ಬಿನ ಗಿಣ್ಣು ನನ್ನ ಮನಸ್ಸಿನಲ್ಲಿತ್ತು. ಹೇಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, “ಎಮ್ಮೆ ಯಾವಾಗ ಈಯ್ತು?” ಎಲ್ಲರಿಗೂ ನೆನಪಾಗಿದ್ದು ಗಿಣ್ಣುಹಾಲು. ಅದನ್ನೂ ಬಿಟ್ಟೆ.

ಮೂರನೆಯದು ‘ಸೂಲಂಗಿ’. ಕಬ್ಬಿನ ತುದಿಯಲ್ಲಿ ಬೆಳ್ಳಗೆ ಬರುವ ಹೂವು. ಇದು ನನಗೆ ತುಂಬಾ ಇಷ್ಟವಾಗಿತ್ತು. ದೊಡ್ಡಪ್ಪನಿಗೆ ಹೇಳಿದೆ. ಅವರು ಕೊಪ್ಪರಿಗೆ ಮುಂದಿನಿಂದ ಏಳಲೂ ಇಲ್ಲ. “ಅಲ್ಲ ಕಣವ್ವ, ಸೂಲಂಗಿ ಬಂದ್ ಕಬ್ಬಲ್ಲಿ ರಸ ಎಲ್ಲಿ ಬತ್ತದೆ? ಬೆಂಡು ಮಾರೀಯಾ?” ಅಂದರು. ಹೂವು ಬಿಟ್ಟ ಕಬ್ಬನ್ನು ಕಡಿಯದೆ ನಿಲ್ಲಿಸಿದರೆ ಒಳಗೆ ಬೆಂಡಾಗುತ್ತದೆ, ಸಿಹಿ ಇಳಿಯುತ್ತದೆ. ಪಟ್ಟಣದವರಿಗೆ ಚೆಂದ ಕಾಣುವ ಆ ಹೆಸರು ಕಬ್ಬು ಬೆಳೆಯುವವರಿಗೆ ನಗೆಪಾಟಲು.

ಕೊನೆಗೆ ನಿಂತದ್ದು ‘ನಾಲೆಬದಿ’. ನಮ್ಮ ಗದ್ದೆ ಇರುವುದೇ ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಬದಿಯಲ್ಲಿ. ಆ ನಾಲೆ ಬಂದ ಮೇಲೆಯೇ ಈ ಕಡೆ ಕಬ್ಬು ಹಬ್ಬಿದ್ದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು. ಮನೆಯಲ್ಲಿ ಯಾರನ್ನು ಕೇಳಿದರೂ “ನಾಲೆ ಬದೀಲವ್ರೆ” ಅನ್ನುವುದು ನಮ್ಮ ರೂಢಿ. ಹೆಸರಿನಲ್ಲಿ ಬೆಲ್ಲದ ಸುದ್ದಿಯೇ ಇಲ್ಲ. ಅದೇ ಅದರ ಅನುಕೂಲ. ನಾಳೆ ಜೋನಿ ಬೆಲ್ಲ ಮಾಡಿದರೂ, ಅಕ್ಕಿ ಮಾರಿದರೂ ಹೆಸರು ಬದಲಿಸಬೇಕಿಲ್ಲ.

ಹೆಸರು ನಿಲ್ಲುತ್ತದೋ ಇಲ್ಲವೋ ನೋಡಲು ನಾನು ಮಾಡಿದ್ದು ಒಂದೇ ಪರೀಕ್ಷೆ. ಐದು ಜನಕ್ಕೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳಿದೆ. ಆಮೇಲೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡಿ ಅಂದೆ. ಕನ್ನಡ ಹೆಸರು ಇಂಗ್ಲಿಷಿಗೆ ಹೋಗುವಾಗ ದೀರ್ಘ ಎಲ್ಲಿ, ಳಕಾರ ಎಲ್ಲಿ, ಮಹಾಪ್ರಾಣ ಎಲ್ಲಿ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಆಲೆಮನೆಗೆ ನಾಲ್ಕು ಥರದ ಸ್ಪೆಲಿಂಗ್ ಬಂದಿತ್ತು. ನಾಲೆಬದಿಗೆ ನಾಲ್ಕು ಜನ Nalebadi ಅಂತಲೇ ಬರೆದರು, ಒಬ್ಬರು ಮಾತ್ರ ಒಂದು a ಜಾಸ್ತಿ ಹಾಕಿದರು. ಅಷ್ಟಾದರೆ ಸಾಕು. ರೇಡಿಯೊದಲ್ಲಿ ಕೂತು ಇದನ್ನು ಹೇಳುವಾಗ ಇನ್ನೊಂದು ನೆನಪಾಗುತ್ತದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ಬಾನುಲಿ ನಿಲಯದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ಬಂತು. ಅದಕ್ಕೆ ಲಾಂಛನ ಏನಿತ್ತು ಅಂತ ಯಾರು ಕೇಳಿದರು?

ಹೆಸರು ಬೇರೆಯವರದೋ ಅಂತ ನೋಡುವುದು ಬಿಟ್ಟಿ ಕೆಲಸ. ಟ್ರೇಡ್ ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಹುಡುಕಬಹುದು. ಅಲ್ಲಿ ವಸ್ತುಗಳನ್ನು ಕ್ಲಾಸ್ ಅಂತ ವಿಂಗಡಿಸಿದ್ದಾರೆ. ಸಕ್ಕರೆ, ಬೆಲ್ಲ ಬರುವುದು 30ನೇ ಕ್ಲಾಸಿನಲ್ಲಿ. ಬರವಣಿಗೆಯಲ್ಲಷ್ಟೇ ಅಲ್ಲ, ಉಚ್ಚಾರದಲ್ಲಿ ಹತ್ತಿರ ಇರುವ ಹೆಸರನ್ನೂ ಹುಡುಕುವ ಫೋನೆಟಿಕ್ ಆಯ್ಕೆ ಇದೆ, ಅದನ್ನೂ ನೋಡಿ. ಒಬ್ಬರೇ ವ್ಯಾಪಾರ ಮಾಡುವವರು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ಕ್ಲಾಸಿಗೆ ಶುಲ್ಕ 4500 ರೂಪಾಯಿ. ನಾನು ಮೊದಲ ವರ್ಷ ಹಾಕಲಿಲ್ಲ. ಮಾಲು ಓಡುತ್ತದೋ ಇಲ್ಲವೋ ಗೊತ್ತಿಲ್ಲದಾಗ ಇದ್ದ ದುಡ್ಡೆಲ್ಲ ಅದಕ್ಕೆ ಸುರಿಯುವುದು ನನಗೆ ಸರಿ ಕಾಣಲಿಲ್ಲ. ಆದರೆ ಮೊದಲ ಬಿಲ್ಲಿನಿಂದ ಹಿಡಿದು ಎಲ್ಲವನ್ನೂ ತಾರೀಖಿನ ಸಮೇತ ಇಟ್ಟುಕೊಂಡೆ. ಯಾರು ಮೊದಲು ಬಳಸಿದರು ಅನ್ನುವುದಕ್ಕೂ ಕಾಯ್ದೆಯಲ್ಲಿ ಬೆಲೆ ಇದೆ. ನೋಂದಣಿ ಆಗದೆ ಹೆಸರಿನ ಪಕ್ಕ ವೃತ್ತದೊಳಗಿನ R ಹಾಕಬೇಡಿ, ಅದು ಅಪರಾಧ. TM ಅಂತ ಹಾಕಿಕೊಳ್ಳಬಹುದು. ಅರ್ಜಿ ಹಾಕುವ ಕಾಲ ಬಂದಾಗ ಬರೀ ಪದಕ್ಕೆ ಹಾಕಿ, ಚಿತ್ರಕ್ಕಲ್ಲ. ಚಿತ್ರ ನಾಳೆ ಬದಲಾಗುತ್ತದೆ.

ಈಗ ಪೊಟ್ಟಣದ ಮೇಲೆ ಅಂಟಿಸುವ ಚೀಟಿಗೆ ಬರೋಣ. ನನ್ನ ದುಡ್ಡು ಹೋದದ್ದು ಇಲ್ಲೇ. ಮೊದಲ ಸಲ 1000 ಚೀಟಿ ಒಟ್ಟಿಗೆ ಹಾಕಿಸಿದೆ. ಜಾಸ್ತಿ ಹಾಕಿಸಿದರೆ ಒಂದೊಂದರ ಬೆಲೆ ಇಳಿಯುತ್ತದೆ ಅನ್ನುವ ಆಸೆ. ಹೆಸರು, ಚಿತ್ರ, ತೂಕ, ಎಂ.ಆರ್.ಪಿ., ಪ್ಯಾಕ್ ಮಾಡಿದ ತಿಂಗಳು ಎಲ್ಲಾ ಒಂದರಲ್ಲೇ. 200 ಪೊಟ್ಟಣ ಖಾಲಿಯಾಗುವಷ್ಟರಲ್ಲಿ ತಿಂಗಳು ಬದಲಾಯಿತು, ಬೆಲ್ಲದ ದರವೂ ಏರಿತು. ಅಚ್ಚಾದ ಎಂ.ಆರ್.ಪಿ. ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವಂತಿಲ್ಲ. ಉಳಿದ 800 ಇವತ್ತಿಗೂ ಅಟ್ಟದ ಮೇಲಿದೆ.

ಅದರಲ್ಲಿ ಇನ್ನೊಂದು ಎಡವಟ್ಟೂ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ‘ಬೆಲ್ಲ’ ಸರಿಯಾಗಿಯೇ ಇತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ತೆಗೆದಾಗ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಬಂದು ‘ಬೆಲ್‌ಲ’ ಆಗಿ ಅಚ್ಚಾಯಿತು. ನನ್ನ ಫಾಂಟ್ ಅವರಲ್ಲಿ ಇರಲಿಲ್ಲ, ಅವರ ಹಳೆಯ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಜೋಡಿಸಲು ಬರುತ್ತಿರಲಿಲ್ಲ. ಅಂಗಡಿಯ ಹುಡುಗ, “ಅಕ್ಕಾ, ಕರ್ವ್ ಮಾಡ್ಕೊಂಡು ತರಬೇಕಿತ್ತು” ಅಂದ. ಕರ್ವ್ ಮಾಡುವುದು ಅಂದರೆ ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸುವುದು. ಆಮೇಲೆ ಅದು ಯಾವ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ, ತಿದ್ದಲೂ ಆಗುವುದಿಲ್ಲ. ಅದಕ್ಕೆ ತಿದ್ದಲು ಬರುವ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಬೇಕು. ಈಗ ನಾನು ಕರ್ವ್ ಮಾಡಿದ ಪಿಡಿಎಫ್ ಒಯ್ದು, ಒಂದೇ ಒಂದು ಹಾಳೆ ತೆಗೆಸಿ, ಅಂಗಡಿಯಲ್ಲೇ ನಿಂತು ಓದುತ್ತೇನೆ. ಪರದೆಯ ಮೇಲಲ್ಲ, ಕಾಗದದ ಮೇಲೆ.

ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ‘ಬಲೂ ತಮ್ಮ 2’, ‘ಅನೇಕ್ ಕನ್ನಡ’, ‘ನೋಟೊ ಸ್ಯಾನ್ಸ್ ಕನ್ನಡ’ ಇವೆ. ಮಾರುವ ಪೊಟ್ಟಣದ ಮೇಲೂ ಬಳಸಲು ಅವುಗಳ ಲೈಸೆನ್ಸ್ ಬಿಡುತ್ತದೆ. ನಾನು ತೆಗೆದುಕೊಂಡದ್ದು ಬಲೂ ತಮ್ಮ. ದಪ್ಪ, ಗುಂಡಗಿನ ಅಕ್ಷರ, ಬೆಲ್ಲದ ಅಚ್ಚಿನ ಹಾಗೆ. ನಾಲೆಬದಿಯಲ್ಲಿ ಒಂದೂ ಒತ್ತಕ್ಷರ ಇಲ್ಲ ಅನ್ನುವುದು ಆಮೇಲೆ ಗಮನಕ್ಕೆ ಬಂತು. ಅದೃಷ್ಟ ಅಷ್ಟೆ. ಒತ್ತು ಇದ್ದರೆ ಕೆಳಗೆ ಜಾಗ ಬಿಡಬೇಕು, ಅಕ್ಷರ ಚಿಕ್ಕದಾಗುತ್ತದೆ, ಸಣ್ಣ ಚೀಟಿಯಲ್ಲಿ ಶಾಯಿ ತುಂಬಿ ಕಲೆಯ ಹಾಗೆ ಕಾಣುತ್ತದೆ.

ಬಣ್ಣ ಒಂದೇ, ಕಡು ಹಸಿರು. ಕಾರಣ ಕಲೆಯಲ್ಲ, ಕಾಗದ. ನಾನು ಕಂದು ಬಣ್ಣದ ಕ್ರಾಫ್ಟ್ ಚೀಟಿಯನ್ನೇ ಬಳಸುತ್ತೇನೆ. ಅದರ ಮೇಲೆ ಹಳದಿ, ತಿಳಿ ಹಸಿರು ಎಲ್ಲಾ ಕೆಸರಿನ ಹಾಗಾಗುತ್ತವೆ, ಯಾಕೆಂದರೆ ಶಾಯಿಯ ಕೆಳಗಿನ ಕಂದು ಮೇಲೆ ಕಾಣುತ್ತದೆ. ಕಡು ಬಣ್ಣ ಮಾತ್ರ ನಿಲ್ಲುತ್ತದೆ. ಒಂದೇ ಬಣ್ಣ ಇದ್ದರೆ ಇನ್ನೊಂದು ಲಾಭ, ಅದನ್ನೇ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಪಾರ್ಸೆಲ್ ಡಬ್ಬದ ಮೇಲೂ ಒತ್ತಬಹುದು. ನನ್ನ ಲಾಂಛನ ಅಂದರೆ ಇಷ್ಟೆ: ಹೆಸರು, ಅದರ ಕೆಳಗೆ ನೀರಿನ ಹಾಗೆ ಒಂದು ಬಳುಕು ಗೆರೆ. ಫೋನಿನಲ್ಲಿ ಪುಟ್ಟ ಚಿತ್ರ ಬೇಕಾದ ಕಡೆ ‘ನಾ’ ಒಂದೇ ಅಕ್ಷರ.

ಎರಡನೆಯ ಸಲ ಚೀಟಿಯನ್ನು ಎರಡು ಮಾಡಿದೆ, ಪೊಟ್ಟಣದ ಮುಂದೆ ಒಂದು, ಹಿಂದೆ ಒಂದು. ಮುಂದಿನದರಲ್ಲಿ ಹೆಸರು, ‘ಬೆಲ್ಲದ ಪುಡಿ’, ತೂಕ ಮಾತ್ರ. ಅದು ವರ್ಷವಾದರೂ ಬದಲಾಗುವುದಿಲ್ಲ. ಹಿಂದಿನದು ಕಪ್ಪು ಬಿಳುಪು. ಎಂ.ಆರ್.ಪಿ., ಪ್ಯಾಕ್ ಮಾಡಿದ ತಿಂಗಳು, ಬ್ಯಾಚ್, ನನ್ನ ವಿಳಾಸ ಮತ್ತು ಫೋನ್, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹಸಿರು ಚುಕ್ಕಿ ಹೀಗೆ ಕಾನೂನು ಕೇಳುವುದೆಲ್ಲ ಅಲ್ಲಿ. ಚುಕ್ಕಿ ಮಾತ್ರ ಹಸಿರೇ ಆಗಬೇಕು, ಅದನ್ನು ಬೇರೆ ಅಂಟಿಸುತ್ತೇನೆ. ಈ ಹಿಂದಿನ ಚೀಟಿಯನ್ನು ಬ್ಯಾಚಿಗೆ ಬೇಕಾದಷ್ಟೇ ತೆಗೆಸುವುದು.

ಅಳತೆಯ ಲೆಕ್ಕ ಸ್ವಲ್ಪ ಕೇಳಿ. ಡಿಜಿಟಲ್ ಪ್ರಿಂಟ್ ಅಂಗಡಿಯ ಸ್ಟಿಕರ್ ಹಾಳೆ 12 ಇಂಚು ಅಗಲ, 18 ಇಂಚು ಉದ್ದ. ದರ ಹಾಳೆಗೆ, ಚೀಟಿಗಲ್ಲ. ನಾನು ಕೊಟ್ಟದ್ದು ಕತ್ತರಿಸುವುದೂ ಸೇರಿ ಹಾಳೆಗೆ 40 ರೂಪಾಯಿ. ನನ್ನ ಮೊದಲಿನ ಅಳತೆ 75 ಮಿ.ಮೀ. ಅಗಲ, 100 ಮಿ.ಮೀ. ಉದ್ದ. ಅಂಚು ಬಿಟ್ಟರೆ ಹಾಳೆಗೆ 12 ಹಿಡಿಯುತ್ತಿದ್ದವು. ಅಡ್ಡಲಾಗಿ ನಾಲ್ಕನೆಯದಕ್ಕೆ ಒಂದೂವರೆ ಸೆಂಟಿಮೀಟರ್ ಸಾಲುತ್ತಿರಲಿಲ್ಲ. ಅಗಲವನ್ನು 70ಕ್ಕೆ, ಉದ್ದವನ್ನು 85ಕ್ಕೆ ಇಳಿಸಿದೆ. ಅಡ್ಡ ನಾಲ್ಕು, ಉದ್ದ ಐದು, ಒಟ್ಟು 20. ಒಂದರ ಬೆಲೆ 3 ರೂಪಾಯಿ 33 ಪೈಸೆಯಿಂದ 2 ರೂಪಾಯಿಗೆ ಇಳಿಯಿತು. ಪೊಟ್ಟಣ ನೋಡಿದ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಚಿತ್ರ ಬರೆಸುವ ಮೊದಲು ಹಾಳೆಯ ಅಳತೆ ಕೇಳಿಕೊಂಡಿದ್ದರೆ ಮೊದಲೇ ಉಳಿಯುತ್ತಿತ್ತು.

ಈ ಹೆಸರಿಗೂ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಕನ್ನಡ ಬಾರದವರು Nalebadi ಅನ್ನುವುದನ್ನು ಬಾಯಿಗೆ ಬಂದ ಹಾಗೆ ಓದುತ್ತಾರೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಿಂದ ಒಬ್ಬರು ಫೋನ್ ಮಾಡಿ “ನೇಲ್ ಬಾಡಿ ಜಾಗರಿ ಇದೆಯಾ?” ಅಂದರು. ಉಗುರಿಗೆ ಹಚ್ಚುವುದು ಏನೋ ಕೇಳುತ್ತಿದ್ದಾರೆ ಅಂತ ಮೊದಲು ಇಲ್ಲ ಅಂದುಬಿಟ್ಟಿದ್ದೆ. ಈಗ ತಿಂಗಳಿಗೆ ಎರಡು ಕೆ.ಜಿ. ತರಿಸುತ್ತಾರೆ. ಇವತ್ತಿಗೂ ಹಾಗೇ ಅನ್ನುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ನಮಸ್ಕಾರ.