ಚಿನ್ನಕ್ಕೆ ಕಪ್ಪು ಬೇಕು

ನಮಸ್ಕಾರ. ಹಿಂದಿನ ವಿಡಿಯೋಗೆ ಒಂದು ಕಾಮೆಂಟ್ ಬಂದಿದೆ. "ಎಐ ಟೂಲ್‌ಗೆ ಬೆಂಡೋಲೆ ಚಿತ್ರ ಕೇಳಿದೆ. ಪ್ರಾಂಪ್ಟ್‌ನಲ್ಲಿ ಫಳಫಳ ಹೊಳೆಯಬೇಕು ಅಂತ ನಾಲ್ಕು ಸಲ ಬರೆದೆ. ಆದರೂ ಜಾತ್ರೆಯ ಪ್ಲಾಸ್ಟಿಕ್ ಓಲೆ ತರಾನೇ ಬಂತು."

ನಾಲ್ಕು ಸಲ ಹೊಳಪು ಕೇಳಿದ್ದೇ ತಪ್ಪು. ನೀವು ಕೇಳಬೇಕಾಗಿದ್ದು ಕಪ್ಪು!

ಪಾಲಿಶ್ ಮಾಡಿದ ಚಿನ್ನ ಅಂದರೆ ಹಳದಿ ಕನ್ನಡಿ, ಅಷ್ಟೇ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಸುತ್ತಲೂ ಬರೀ ಬೆಳಕಿದ್ದರೆ ಅದು ಹಳದಿ ಬಣ್ಣ ಬಳಿದ ಗುಂಡಿಯಂತೆ ಕಾಣುತ್ತದೆ. ಅದಕ್ಕೇ ಸ್ಟುಡಿಯೋದವರು ಒಡವೆಯ ಪಕ್ಕ ಕಪ್ಪು ಕಾಗದದ ತುಂಡು ನಿಲ್ಲಿಸುತ್ತಾರೆ. ಚಿನ್ನದ ಅಂಚಿನಲ್ಲಿ ಅದರ ಸಣ್ಣ ಕಪ್ಪು ಗೆರೆ ಮೂಡುತ್ತದೆ. ಆ ಗೆರೆಯ ಪಕ್ಕದಲ್ಲೇ ಹೊಳಪು ಕಾಣುವುದು.

ಹಾಗಾಗಿ "ಹೊಳೆಯುವ" ಅಳಿಸಿ, ಹೀಗೆ ಬರೆಯಿರಿ: "ಏಳು ಕಲ್ಲಿನ ವಜ್ರದ ಬೆಂಡೋಲೆ, ಮಧ್ಯೆ ಒಂದು, ಸುತ್ತ ಆರು. ಎಡದಿಂದ ದೊಡ್ಡ ಮೃದು ಬೆಳಕು, ಬಲಕ್ಕೆ ಕಪ್ಪು ಕಾರ್ಡ್, ಚಿನ್ನದ ಅಂಚಿನಲ್ಲಿ ಅದರ ಪ್ರತಿಬಿಂಬ. ಮೇಲಿಂದ ಒಂದು ಸಣ್ಣ, ತೀಕ್ಷ್ಣ ದೀಪ."

ಆ ಸಣ್ಣ ದೀಪ ಕಲ್ಲಿಗೆ. ಮೃದು ಬೆಳಕಿನಲ್ಲಿ ಚಿನ್ನ ಚೆಂದ, ವಜ್ರ ಮಂಕು. ಇಲ್ಲೂ ಅದೇ ಮಾತು, ಕಪ್ಪು ಬೇಕು! ನಿಜವಾದ ವಜ್ರವನ್ನು ಹತ್ತಿರದಿಂದ ನೋಡಿ. ಕೆಲವು ಮುಖ ಪೂರ್ತಿ ಕತ್ತಲೆ, ಕೆಲವು ಬೂದು, ಎರಡೋ ಮೂರೋ ಮಾತ್ರ ಮಿಂಚುತ್ತವೆ. ಎಲ್ಲ ಮುಖವೂ ಬೆಳ್ಳಗಾದರೆ ಅದು ಗಾಜಿನ ಚೂರು. "ಕೆಲವು ಮುಖ ಕಪ್ಪು, ಎರಡು ಮೂರರಲ್ಲಿ ಮಾತ್ರ ಮಿಂಚು" ಅಂತ ಸೇರಿಸಿ. ನಕ್ಷತ್ರದಂತೆ ಮಿನುಗು ಕೇಳಲೇಬೇಡಿ.

ಹಿನ್ನೆಲೆಗೂ "ಗ್ರೇಡಿಯಂಟ್" ಅಂತ ಸುಮ್ನೆ ಬರೆದರೆ ಬಣ್ಣದ ಪಟ್ಟಿ ಬರುತ್ತದೆ. "ಹಿಂದೆ ದೂರದಲ್ಲಿ ಬೂದು ಕಾಗದ, ಕೆಳಗೆ ತಿಳಿ, ಮೇಲೆ ಹೋಗುತ್ತಾ ಕತ್ತಲೆ, ಸ್ವಲ್ಪ ಗ್ರೇನ್" ಅನ್ನಿ. ಅಲ್ಲೂ ಕತ್ತಲೆ ಬಂತು, ನೋಡಿದಿರಾ?

"ಒಡವೆ ಚಿತ್ರದಲ್ಲಿ ಕಪ್ಪು ಅಶುಭ" ಅನ್ನುವವರಿದ್ದಾರೆ. ರೀ, ಮುದ್ದಾದ ಮಗುವಿನ ಕೆನ್ನೆಗೆ ನಾವು ಇಡೋದು ಯಾವ ಬಣ್ಣದ ಬೊಟ್ಟು? "ಆಮೇಲೆ ಎಡಿಟ್‌ನಲ್ಲಿ ಕಾಂಟ್ರಾಸ್ಟ್ ಏರಿಸ್ತೀವಿ" ಅಂತಾರೆ ಇನ್ನು ಕೆಲವರು. ಇಲ್ಲದ ಪ್ರತಿಬಿಂಬವನ್ನು ಕಾಂಟ್ರಾಸ್ಟ್ ಎಲ್ಲಿಂದ ತರುತ್ತೆ? ಆಗಲ್ಲ, ಬಿಡಿ.

ಚಿತ್ರ ಬಂದ ಮೇಲೆ ಕಲ್ಲು ಎಣಿಸಿ. ಎಷ್ಟೋ ಸಲ ಎಂಟು ಬಂದಿರುತ್ತದೆ. ಅದಕ್ಕೇ ಮಾರುವ ಒಡವೆಗೆ ಈ ಚಿತ್ರ ಬೇಡ, ನಿಜವಾದ ಫೋಟೋನೇ ತೆಗೆಯಿರಿ. ಅಲ್ಲೂ ಪಕ್ಕಕ್ಕೆ ಕಪ್ಪು ಕಾರ್ಡ್ ಇಡಿ!

ಮುಂದಿನ ವಾರ ಮುತ್ತಿನ ಸರ ಮಾಡೋಣ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ. ನಿಮ್ಮ ಬೆಂಡೋಲೆ ಪ್ರಾಂಪ್ಟ್ ಕಾಮೆಂಟ್‌ನಲ್ಲಿ ಹಾಕಿ. ಅದರಲ್ಲಿ ಕಪ್ಪು ಎಲ್ಲಿದೆ ಅಂತ ನಾನು ಮೊದಲು ಹುಡುಕುತ್ತೇನೆ.